₹3,91,500 ಕೇಳಿದಾಗ ಬಾರದ ನಾಲ್ಕನೇ ಬಿಲ್, ₹2,52,205 ಕೇಳಿದಾಗ ಬಂದಿದ್ದು ಹೇಗೆ: ಒಂದು ಪ್ರಕರಣ ಅಧ್ಯಯನ

ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ 30×40 ಸೈಟಿನ ಮೇಲೆ ಕಟ್ಟುತ್ತಿದ್ದ ಎರಡು ಅಂತಸ್ತಿನ ಮನೆಯ ಪ್ರಕರಣವಿದು. ಗುರುತು ಸಿಗದಂತೆ ಊರು, ಹೆಸರು ಬಿಟ್ಟಿದ್ದೇವೆ, ಮೊತ್ತಗಳನ್ನೂ ಸ್ವಲ್ಪ ಬದಲಿಸಿದ್ದೇವೆ. ಲೆಕ್ಕ ನಡೆದ ರೀತಿ ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಮಾಲೀಕರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದವರು. ಎರಡು ವಾರಕ್ಕೊಮ್ಮೆ ಭಾನುವಾರ ಬಂದು ಕೆಲಸ ನೋಡಿ ಹೋಗುತ್ತಿದ್ದರು. ಉಳಿದ ದಿನ ಸೈಟಿನ ಮೇಲೆ ಕಣ್ಣಿಟ್ಟಿದ್ದವರು ಅದೇ ಊರಿನಲ್ಲಿದ್ದ ಅವರ ಅಣ್ಣ. ಗುತ್ತಿಗೆದಾರರು ಸ್ಥಳೀಯರು, ಕೆಲಸದಲ್ಲಿ ಒಳ್ಳೆಯ ಹೆಸರಿದ್ದವರು. ಆದರೆ ಅಲ್ಲಿಯವರೆಗೆ ಅವರು ಹಿಡಿದಿದ್ದ ಕೆಲಸವೆಲ್ಲ ಚದರದ ಲೆಕ್ಕದ್ದು. ಚದರಕ್ಕೆ ಇಷ್ಟು ಎಂದು ಒಪ್ಪಿ, ಪಾಯಕ್ಕೆ ಇಷ್ಟು, ಮೋಲ್ಡ್ ಆದಾಗ ಇಷ್ಟು, ಗಾರೆಗೆ ಇಷ್ಟು ಎಂದು ಹಂತಹಂತವಾಗಿ ಹಣ ಪಡೆಯುವ ಆ ಪದ್ಧತಿಯಲ್ಲಿ ಅಳತೆಗೆ ಹೆಚ್ಚು ಕೆಲಸವಿಲ್ಲ. ಮೋಲ್ಡ್ ಬಿತ್ತೋ ಇಲ್ಲವೋ ಎಂಬುದು ಯಾರ ಕಣ್ಣಿಗಾದರೂ ಕಾಣುತ್ತದೆ.

ಈ ಮನೆಯ ಕರಾರು ಬೇರೆ ಥರದ್ದು. ನಕ್ಷೆ ಮಾಡಿಕೊಟ್ಟ ಎಂಜಿನಿಯರ್ ಸಲಹೆಯಂತೆ ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ ಬರೆದಿದ್ದರು. ಮೋಲ್ಡಿನ ಕಾಂಕ್ರೀಟಿಗೆ ಸೆಂಟ್ರಿಂಗ್ ಸೇರಿ ಘನ ಅಡಿಗೆ ₹300, ಕಂಬಿಗೆ ಕಟ್ಟುವ ಕೂಲಿಯೂ ಸೇರಿ ಕಿಲೋಗೆ ₹82, ಒಳಗಿನ 12 ಮಿ.ಮೀ. ಗಾರೆಗೆ ಚದರಡಿಗೆ ₹42. ದರಗಳಲ್ಲಿ ತೆರಿಗೆಯೂ ಸೇರಿತ್ತು. ಬಿಲ್ ಕೊಟ್ಟ ಹತ್ತು ದಿನದೊಳಗೆ ಹಣ ಕೊಡಬೇಕು. ಪ್ರತಿ ಬಿಲ್ಲಿನಲ್ಲಿ ನೂರಕ್ಕೆ ಐದನ್ನು ಮಾಲೀಕರು ತಡೆಹಿಡಿದುಕೊಳ್ಳಬೇಕು. ಆರಂಭದಲ್ಲಿ ಕೊಟ್ಟ ₹3,00,000 ಮುಂಗಡವನ್ನು ಬಿಲ್ಲಿಗೆ ₹50,000ದಂತೆ ಆರು ಬಿಲ್ಲುಗಳಲ್ಲಿ ಮುರಿದುಕೊಳ್ಳಬೇಕು. ಅಳತೆ, ಕಟ್ಟಡ ಕೆಲಸಗಳನ್ನು ಅಳೆಯುವ ಕ್ರಮ ಹೇಳುವ ಭಾರತೀಯ ಮಾನಕವಾದ ಐಎಸ್ 1200ರ ಪ್ರಕಾರ ಇರಬೇಕು. ಈ ಕೊನೆಯ ಸಾಲು ಕರಾರಿನಲ್ಲಿತ್ತೇ ಹೊರತು ಮೂರು ಬಿಲ್ಲು ಕಳೆದರೂ ಇಬ್ಬರಲ್ಲಿ ಯಾರೂ ಅದನ್ನು ತೆರೆದು ನೋಡಿರಲಿಲ್ಲ.

ಸಿಕ್ಕಿಹಾಕಿಕೊಂಡ ಬಿಲ್

ನಾಲ್ಕನೇ ಬಿಲ್ಲನ್ನು ತಿಂಗಳ 5ನೇ ತಾರೀಕು ಕೊಟ್ಟರು. ಒಂದೇ ಹಾಳೆ, ನಾಲ್ಕು ಸಾಲು. ಮೊದಲ ಮಹಡಿಯ ಮೇಲಿನ ಮೋಲ್ಡಿಗೆ ಕಾಂಕ್ರೀಟು 445 ಘನ ಅಡಿ, ₹1,33,500. ಅದರ ಕಂಬಿ 1,340 ಕಿಲೋ, ₹1,09,880. ನೆಲಮಹಡಿಯ ಒಳಗೋಡೆ ಗಾರೆ 2,860 ಚದರಡಿ, ₹1,20,120. ಕೊನೆಗೆ ‘ಮೂರು ಲಾಫ್ಟ್ ಎಕ್ಸ್‌ಟ್ರಾ’ ಎಂದು ₹28,000. ಒಟ್ಟು ₹3,91,500. ಅಳತೆಯ ಹಾಳೆ ಜೊತೆಯಲ್ಲಿರಲಿಲ್ಲ.

15ನೇ ತಾರೀಕು ದಾಟಿದರೂ ಹಣ ಬರಲಿಲ್ಲ. 18ಕ್ಕೆ ಗುತ್ತಿಗೆದಾರರು ವಾಟ್ಸಾಪಿನಲ್ಲಿ ಬರೆದರು: “ಸರ್, 4ನೇ ಬಿಲ್ 3,91,500 ಬಾಕಿ ಇದೆ. ಹದಿನೈದಕ್ಕೇ ಬರಬೇಕಿತ್ತು. ಕಬ್ಬಿಣದ ಅಂಗಡಿಯವರು ದಿನಾ ಫೋನ್ ಮಾಡ್ತಿದ್ದಾರೆ. ಈ ವಾರ ಹಾಕದಿದ್ದರೆ ಕೆಲಸ ನಿಲ್ಲಿಸಬೇಕಾಗುತ್ತೆ.”

ಮಾಲೀಕರು ಉತ್ತರ ಕೊಡಲಿಲ್ಲ, ಅಣ್ಣನಿಗೆ ಫೋನ್ ಮಾಡಿದರು. ಅಣ್ಣ ಲೆಕ್ಕದ ಮನುಷ್ಯ. ನಕ್ಷೆಯಿಂದ ಕೋಣೆಗಳ ಉದ್ದ ಅಗಲ ತೆಗೆದುಕೊಂಡು ಗೋಡೆಗಳ ವಿಸ್ತೀರ್ಣ ಕೂಡಿದರು. ಅದು ಸರಿಯಾಗಿ 2,860 ಬಂತು. ಆಮೇಲೆ ಬಾಗಿಲು, ಕಿಟಕಿ, ವೆಂಟಿಲೇಟರು, ತೆರಪುಗಳನ್ನೆಲ್ಲ ಒಂದೂ ಬಿಡದೆ ಕಳೆದರು. ಉಳಿದದ್ದು 2,412.5 ಚದರಡಿ. ವ್ಯತ್ಯಾಸ 447.5 ಚದರಡಿ, ದುಡ್ಡಿನಲ್ಲಿ ₹18,795. “ಗಾರೆ ಒಂದರಲ್ಲೇ ಹದಿನೆಂಟು ಸಾವಿರ ಜಾಸ್ತಿ ಹಾಕಿದ್ದಾನೆ, ಕಂಬಿ ಕಾಂಕ್ರೀಟಲ್ಲಿ ಎಷ್ಟು ಹಾಕಿದ್ದಾನೋ” ಎಂದು ತಮ್ಮನಿಗೆ ಹೇಳಿದರು.

ಗಾರೆಯಲ್ಲಿ ಹುಟ್ಟಿದ ಅನುಮಾನ ಮೋಲ್ಡಿನ ಮೇಲೂ ಕಂಬಿಯ ಮೇಲೂ ಬಿತ್ತು. ಆ ಎರಡರ ಮೊತ್ತ ₹2,43,380. ಅದರ ಬಗ್ಗೆ ಯಾರೂ ಯಾವ ತಕರಾರನ್ನೂ ಎತ್ತಿರಲಿಲ್ಲ. ಆದರೆ ಬಿಲ್ಲಿನ ಕೆಳಗೆ ಒಂದೇ ಮೊತ್ತವಿದ್ದಾಗ ಮಾಲೀಕರ ಮುಂದೆ ಇರುವ ದಾರಿ ಎರಡೇ, ಪೂರ್ತಿ ಕೊಡುವುದು ಅಥವಾ ಪೂರ್ತಿ ತಡೆಯುವುದು. ಅನುಮಾನ ಬಂದವರು ತಡೆಯುತ್ತಾರೆ. ಖಾಸಗಿ ಮನೆ ಕೆಲಸಗಳಲ್ಲಿ ರನ್ನಿಂಗ್ ಬಿಲ್, ಅಂದರೆ ಕೆಲಸ ನಡೆಯುತ್ತಿರುವಾಗಲೇ ಆದಷ್ಟಕ್ಕೆ ಕೊಡುವ ಬಿಲ್, ನಿಲ್ಲುವ ಬಗೆ ಬಹುಮಟ್ಟಿಗೆ ಇದೇ. ದೊಡ್ಡ ಮೊತ್ತಕ್ಕೆ ಸಣ್ಣ ಮೊತ್ತದ ಜಗಳ ಅಡ್ಡ ಬಿದ್ದಿರುತ್ತದೆ.

ಮಾಲೀಕರ ಮೌನಕ್ಕೆ ಇನ್ನೂ ಎರಡು ಕಾರಣಗಳಿದ್ದವು, ಅವು ಮಾತಿಗೆ ಬಂದಿರಲೇ ಇಲ್ಲ. ಬಿಲ್ಲಿನಲ್ಲಿ ಮುಂಗಡದ ಕಂತನ್ನೂ ಐದು ಪರ್ಸೆಂಟನ್ನೂ ಮುರಿದಿರಲಿಲ್ಲ. ಹಿಂದಿನ ಮೂರು ಬಿಲ್ಲುಗಳಲ್ಲಿ ಅದನ್ನು ಮಾಲೀಕರೇ ಮುರಿದುಕೊಂಡು ಉಳಿದದ್ದನ್ನು ಕಳಿಸುತ್ತಿದ್ದರು, ಹಾಗಾಗಿ ಗುತ್ತಿಗೆದಾರರಿಗೆ ಒಟ್ಟು ಮೊತ್ತವನ್ನಷ್ಟೇ ಬರೆಯುವುದು ಅಭ್ಯಾಸವಾಗಿತ್ತು. ಎರಡನೆಯದಾಗಿ, ಹಿಂದಿನ ತಿಂಗಳು ಗುತ್ತಿಗೆದಾರರೇ ಕೇಳಿಕೊಂಡಿದ್ದಕ್ಕೆ ಮಾಲೀಕರು ಎಂ-ಸ್ಯಾಂಡ್ ಲಾರಿಯವರಿಗೆ ನೇರವಾಗಿ ₹35,000 ಕಳಿಸಿದ್ದರು. ಆ ಹಣದ ಸುಳಿವೇ ಬಿಲ್ಲಿನಲ್ಲಿರಲಿಲ್ಲ. ಮರೆತಿದ್ದಾರೋ ನುಂಗುತ್ತಿದ್ದಾರೋ ಎಂದು ದೂರದಲ್ಲಿ ಕೂತವರಿಗೆ ತಿಳಿಯುವುದು ಕಷ್ಟ.

ಕೆಲಸ ನಿಲ್ಲಿಸದಿದ್ದದ್ದು

ಈ ಹಂತದಲ್ಲಿ ಗುತ್ತಿಗೆದಾರರು ಹೇಳಿದ ಹಾಗೇ ಆಳುಗಳನ್ನು ಎತ್ತಿಬಿಟ್ಟಿದ್ದರೆ ಪ್ರಕರಣ ಬೇರೆ ಕಡೆ ಹೋಗುತ್ತಿತ್ತು. ಕರಾರಿನಲ್ಲಿ ಕೆಲಸ ನಿಲ್ಲಿಸುವ ಮುಂಚೆ 15 ದಿನದ ಲಿಖಿತ ನೋಟಿಸು ಕೊಡಬೇಕು ಎಂದಿತ್ತು. ವಾಟ್ಸಾಪಿನ ಒಂದು ಸಾಲನ್ನು ನೋಟಿಸು ಎಂದು ಸಾಧಿಸುವುದು ಸುಲಭವಲ್ಲ. ಹಣ ತಡಮಾಡಿದ್ದು ಮಾಲೀಕರಾದರೂ ಕರಾರು ಮುರಿದವರು ಗುತ್ತಿಗೆದಾರರು ಎಂದಾಗುತ್ತಿತ್ತು.

ಅವರು ಎಂಜಿನಿಯರನ್ನು ಹೋಗಿ ಕಂಡರು. ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, “ಅಳತೆ ಹಾಳೆ ಎಲ್ಲಿ?” ಎಂಬುದು. ಗಾರೆ ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿ ಕೋಣೆಗೊಂದು ಸಾಲಿತ್ತು, ಕಳೆತ ಎಂಬುದೇ ಇರಲಿಲ್ಲ. ಮೇಸ್ತ್ರಿಗಳಲ್ಲಿ ಒಂದು ರೂಢಿಯಿದೆ: ಬಾಗಿಲು ಕಿಟಕಿಯ ಜಾಗವನ್ನು ಕಳೆಯುವುದಿಲ್ಲ, ಅಂಚು ಮೂಲೆ ತೀರುವ ಕೆಲಸಕ್ಕೆ ಅದು ಸರಿಹೋಯಿತು ಎನ್ನುತ್ತಾರೆ. ಮೇಸ್ತ್ರಿಗೂ ಗುತ್ತಿಗೆದಾರರಿಗೂ ನಡುವೆ ಕೂಲಿಯ ಲೆಕ್ಕಕ್ಕೆ ಅದು ನಡೆಯಬಹುದು. ಐಎಸ್ 1200 ಎಂದು ಬರೆದ ಕರಾರಿನಲ್ಲಿ ನಡೆಯುವುದಿಲ್ಲ.

ಗಾರೆ ಆಳುಗಳನ್ನು ತಾತ್ಕಾಲಿಕವಾಗಿ ಬೇರೆ ಸೈಟಿಗೆ ಕಳಿಸಿ, ಗೋಡೆಗೂ ಮೋಲ್ಡಿಗೂ ನೀರು ಹಾಕಲು ಇಬ್ಬರನ್ನು ಇಲ್ಲೇ ಉಳಿಸಿಕೊಂಡರು. ಮಾಲೀಕರಿಗೆ ಫೋನ್ ಮಾಡಿ, “ಸರ್, ಅಣ್ಣನವರನ್ನೂ ಎಂಜಿನಿಯರನ್ನೂ ಕೂಡಿಸಿಕೊಂಡು ಒಟ್ಟಿಗೇ ಅಳೆಯೋಣ, ಏನು ಬರುತ್ತೋ ಅದನ್ನೇ ಬರೀತೀನಿ” ಎಂದರು. ದುಡ್ಡಿನ ಮಾತನ್ನು ಎತ್ತಲಿಲ್ಲ. ಮಾಲೀಕರು ಒಪ್ಪಿದರು.

ಜಂಟಿ ಅಳತೆ

27ರಂದು ಮೂವರು ಸೇರಿದರು. ಟೇಪಿನ ಒಂದು ತುದಿ ಗುತ್ತಿಗೆದಾರರ ಕೈಯಲ್ಲಿ, ಓದುವವರು ಎಂಜಿನಿಯರ್, ಬರೆಯುವವರು ಅಣ್ಣ. ಬರೆಯುವ ಕೆಲಸವನ್ನು ಮಾಲೀಕರ ಕಡೆಯವರಿಗೇ ಕೊಟ್ಟದ್ದು ಎಂಜಿನಿಯರ್ ಮಾಡಿದ ಒಳ್ಳೆಯ ಏರ್ಪಾಡು. ತಾನೇ ಬರೆದ ಅಂಕಿಯನ್ನು ಆಮೇಲೆ ಯಾರೂ ಸುಳ್ಳೆನ್ನುವುದಿಲ್ಲ. ಬಟ್ಟೆ ಟೇಪು ಹಿಗ್ಗುತ್ತದೆಂದು ಸ್ಟೀಲ್ ಟೇಪನ್ನೇ ಬಳಸಿದರು. ನಕ್ಷೆಯಲ್ಲಿ ಕೋಣೆಗಳಿಗೆ ನಂಬರು ಹಾಕಿ, ಪ್ರತಿ ಕೋಣೆಯಲ್ಲೂ ಬಾಗಿಲ ಎಡಗಡೆಯಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ಗೋಡೆ ಅಳೆದರು. ಹೀಗೆ ಒಂದು ಕ್ರಮವಿದ್ದರೆ ಯಾವ ಗೋಡೆಯೂ ತಪ್ಪುವುದಿಲ್ಲ, ಎರಡು ಸಲವೂ ಬರುವುದಿಲ್ಲ.

ಮೊದಲ ಕೋಣೆಯಲ್ಲೇ ಒಂದು ಪ್ರಶ್ನೆ ಎದ್ದಿತು. ನಕ್ಷೆಯಲ್ಲಿ 14 ಅಡಿ ಇದ್ದ ಹಾಲ್ ಟೇಪಿನಲ್ಲಿ 13 ಅಡಿ 11 ಇಂಚು ತೋರಿಸಿತು. ಎರಡೂ ಕಡೆಯ ಗೋಡೆಗೆ 12 ಮಿ.ಮೀ. ಗಾರೆ ಬಿದ್ದರೆ ಸುಮಾರು ಒಂದು ಇಂಚು ಹೋಗುತ್ತದೆ. ಗಾರೆಯ ಉದ್ದವನ್ನು ಗಾರೆಗೆ ಮುಂಚಿನ ಗೋಡೆಯಿಂದ ಗೋಡೆಗೆ ಹಿಡಿಯಬೇಕೆಂಬುದು ನಿಯಮ, ಹಾಗಾಗಿ 14 ಅಡಿಯೇ ಸರಿ ಎಂದು ಎಂಜಿನಿಯರ್ ಹೇಳಿದರು. ಇಬ್ಬರೂ ಒಪ್ಪಿದ್ದರಿಂದ ಎಲ್ಲ ಕೋಣೆಗೂ ಅದನ್ನೇ ಅನ್ವಯಿಸಿದರು.

ಆಮೇಲೆ ತೆರಪುಗಳ ವಿಚಾರ. ಐಎಸ್ 1200ರ 12ನೇ ಭಾಗ ಗಾರೆಯ ಅಳತೆಗೆ ಮೀಸಲು. ಅದರ ನಿಯಮವನ್ನು ಎಂಜಿನಿಯರ್ ಅಡಿ ಲೆಕ್ಕದಲ್ಲಿ ಬಿಡಿಸಿ ಹೇಳಿದರು. ತೆರಪು ಅರ್ಧ ಚದರ ಮೀಟರಿನವರೆಗೆ, ಅಂದರೆ ಸುಮಾರು 5.4 ಚದರಡಿಯವರೆಗೆ ಇದ್ದರೆ ಏನೂ ಕಳೆಯುವಂತಿಲ್ಲ, ಅದರ ಅಂಚಿನ ಗಾರೆಗೆ ಏನೂ ಕೂಡಿಸುವಂತೆಯೂ ಇಲ್ಲ. ಅಲ್ಲಿಂದ 3 ಚದರ ಮೀಟರಿನವರೆಗೆ, ಅಂದರೆ ಸುಮಾರು 32 ಚದರಡಿಯವರೆಗೆ, ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಗಾರೆಯಿದ್ದರೆ ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಅಂಚಿನ ಕೆಲಸವನ್ನು ಬೇರೆಯಾಗಿ ಕೊಡುವುದಿಲ್ಲ, ಇನ್ನೊಂದು ಮುಖದಲ್ಲಿ ಕಳೆಯದೆ ಬಿಟ್ಟದ್ದೇ ಅದರ ಪ್ರತಿಫಲ. 3 ಚದರ ಮೀಟರ್ ಮೀರಿದರೆ ಎರಡೂ ಮುಖದಲ್ಲಿ ಕಳೆದು, ಪಕ್ಕ ಮತ್ತು ಮೇಲ್ಭಾಗದ ಗಾರೆಯನ್ನು ಅಳೆದು ಕೂಡಿಸಬೇಕು.

ಹೊರಗೋಡೆಯ ಕಿಟಕಿಗಳಲ್ಲಿ ಮಾತು ಸ್ವಲ್ಪ ಬೆಳೆಯಿತು. ಅಲ್ಲಿ ಒಳಗೊಂದು ಬಗೆಯ ಗಾರೆ, ಹೊರಗೆ ಮತ್ತೊಂದು. ಇಂಥ ಕಡೆ ಚೌಕಟ್ಟು ಯಾವ ಮುಖಕ್ಕೆ ಹತ್ತಿರ ಕೂತಿದೆ ಎಂಬುದನ್ನು ನೋಡಬೇಕು. ಗೋಡೆಯ ದಪ್ಪ ಯಾವ ಕಡೆ ಕಡಿಮೆ ಕಾಣುತ್ತದೋ ಆ ಕಡೆ ತೆರಪನ್ನು ಪೂರ್ತಿ ಕಳೆಯಬೇಕು, ಇನ್ನೊಂದು ಕಡೆ ಕಳೆಯಬಾರದು. ಈ ಮನೆಯ ಕಿಟಕಿ ಚೌಕಟ್ಟುಗಳು ಹೊರಮುಖಕ್ಕೆ ಸಮನಾಗಿ ಕೂತಿದ್ದವು. ಒಳಗಡೆ ನಾಲ್ಕೂ ಸುತ್ತ ದಪ್ಪ ಕಾಣುತ್ತಿತ್ತು, ಅಲ್ಲೆಲ್ಲ ಗಾರೆಯಾಗಿತ್ತು. ಹಾಗಾಗಿ ಒಳಗಾರೆಯಲ್ಲಿ ಕಿಟಕಿಯನ್ನು ಕಳೆಯುವಂತಿಲ್ಲ. ಅಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. “ಹಾಗಾದರೆ ಕಿಟಕಿಗಳ ಆ 120 ಚದರಡಿ ಎಲ್ಲೂ ಕಳೆಯೋದೇ ಇಲ್ವಾ?” ಎಂದರು. ಹೊರಗಾರೆಯ ಬಿಲ್ಲಿನಲ್ಲಿ ಪೂರ್ತಿ ಕಳೆಯುತ್ತದೆ ಎಂದು ಎಂಜಿನಿಯರ್ ಹೇಳಿದ್ದಷ್ಟೇ ಅಲ್ಲ, ಅಳತೆ ಹಾಳೆಯಲ್ಲೇ ಆ ಟಿಪ್ಪಣಿ ಬರೆಸಿದರು. ಮುಂಬಾಗಿಲಿನ ಚೌಕಟ್ಟು ಒಳಮುಖಕ್ಕಿತ್ತು, ಅದನ್ನು ಈಗಲೇ ಕಳೆದರು.

ಹಾಲಿನ ಹಾಳೆ ಹೀಗಿತ್ತು. ಎತ್ತರ 10 ಅಡಿ, ಅಳತೆಗಳೆಲ್ಲ ಅಡಿಯಲ್ಲಿ.

| ವಿವರ | ಲೆಕ್ಕ | ಚದರಡಿ |
|---|---|---|
| ನಾಲ್ಕು ಗೋಡೆ | 2 × (14 + 12) × 10 | 520.0 |
| ಮುಂಬಾಗಿಲು | 1 × 3.5 × 7 | −24.5 |
| ಹಾಲಿನಿಂದ ಊಟದ ಕೋಣೆಗೆ ತೆರಪು, ಈ ಮುಖ | 1 × 6 × 7 | −42.0 |
| ಅದೇ ತೆರಪಿನ ಪಕ್ಕಗಳು, ಮೇಲ್ಭಾಗ | (7 + 7 + 6) × 0.5 | +10.0 |
| ಒಳಬಾಗಿಲು, ಈ ಮುಖದಲ್ಲಿ ಮಾತ್ರ | 2 × 3 × 7 | −42.0 |
| ಕಿಟಕಿ | 2 × 5 × 4 | ಇಲ್ಲಿ ಕಳೆತವಿಲ್ಲ, ಹೊರಗಾರೆಯಲ್ಲಿ ಕಳೆಯುವುದು |
| ಹಾಲ್ ಒಟ್ಟು | | 421.5 |

ಇಡೀ ನೆಲಮಹಡಿಗೆ ಇದೇ ಕ್ರಮ. ಒಟ್ಟು 2,860ರಲ್ಲಿ ಒಳಗಿನ ಐದು ಬಾಗಿಲಿಗೆ ಒಂದೊಂದು ಮುಖದಂತೆ 105, ದೊಡ್ಡ ತೆರಪಿಗೆ ಎರಡೂ ಮುಖ ಸೇರಿ 84, ಮುಂಬಾಗಿಲಿಗೆ 24.5 ಕಳೆದು, ತೆರಪಿನ ಅಂಚಿಗೆ 10 ಕೂಡಿಸಿದರು. ತಲಾ 3 ಚದರಡಿಯ ಮೂರು ವೆಂಟಿಲೇಟರುಗಳನ್ನು ಮುಟ್ಟಲಿಲ್ಲ. ಬಂದ ಉತ್ತರ 2,656.5 ಚದರಡಿ.

ಗುತ್ತಿಗೆದಾರರ ಅಂಕಿಯಿಂದ 203.5 ಚದರಡಿ ಹೋಯಿತು, ₹8,547. ಅಣ್ಣನ ಅಂಕಿಗೆ 244 ಚದರಡಿ ಸೇರಿತು, ₹10,248. ಇಬ್ಬರ ಲೆಕ್ಕವೂ ತಪ್ಪಾಗಿತ್ತು, ಇಬ್ಬರದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಇದು ಮಾತಿನ ಧಾಟಿಯನ್ನೇ ಬದಲಿಸಿತು. ಒಬ್ಬರ ತಪ್ಪು ಮಾತ್ರ ಹೊರಬಿದ್ದಿದ್ದರೆ ಆ ದಿನ ಇಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲವೇನೋ.

ಕಂಬಿಯ ಮಾತು ಬೇಗ ಮುಗಿಯಿತು, ಅದಕ್ಕೆ ಕಾರಣವಿದೆ. ಕಾಂಕ್ರೀಟಿನೊಳಗೆ ಹೋದ ಕಂಬಿಯನ್ನು ಆಮೇಲೆ ಯಾರೂ ಅಳೆಯಲಾರರು. ಅದಕ್ಕೆ ಉಳಿಯುವ ಸಾಕ್ಷಿಯೆಂದರೆ ಮೋಲ್ಡ್ ಹಾಕುವ ಹಿಂದಿನ ದಿನ ತಯಾರಾಗುವ ಪಟ್ಟಿ. ಈ ಮನೆಯಲ್ಲಿ ಎಂಜಿನಿಯರ್ ಕಂಬಿ ನೋಡಲು ಬಂದಾಗಲೇ ಪ್ರತಿ ಅಳತೆಯ ಕಂಬಿ ಎಷ್ಟು, ಉದ್ದವೆಷ್ಟು ಎಂದು ಪಟ್ಟಿಯಾಗಿತ್ತು, ಅದರ ಕೆಳಗೆ ಅವರ ಸಹಿಯೂ ಇತ್ತು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 10 ಮಿ.ಮೀ. ಕಂಬಿಗೆ ಅದು 0.617. ಪಟ್ಟಿಯ ಒಂದು ಸಾಲು: 5.2 ಮೀಟರಿನ 62 ಕಂಬಿ, ಒಟ್ಟು 322.4 ಮೀಟರ್, 198.9 ಕಿಲೋ. ಅಣ್ಣನ ಹತ್ತಿರ ಅಂಗಡಿಯ ತೂಕದ ಚೀಟಿಗಳಿದ್ದವು, ಅದರಲ್ಲಿ 1,420 ಕಿಲೋ. ಬಿಲ್ಲಿನಲ್ಲಿ 1,340 ಮಾತ್ರ. ಕೆಲಸಕ್ಕೆ ದರ ಕಟ್ಟಿದ ಕರಾರಿನಲ್ಲಿ ತಂದದ್ದಕ್ಕಲ್ಲ, ಮೋಲ್ಡಿನೊಳಗೆ ಕೂತದ್ದಕ್ಕೆ ಹಣ. ತುಂಡು ಕಂಬಿಯ ನಷ್ಟ ಗುತ್ತಿಗೆದಾರರದ್ದೇ. ಅಣ್ಣ ಚೀಟಿಗಳನ್ನು ಮಡಚಿಟ್ಟರು.

ಗಾರೆಗೆ ಇಂಥ ಪಟ್ಟಿ ಇಲ್ಲದೆ ಮೂರು ವಾರ ಹೋಯಿತು. ಕಂಬಿಗೆ ಪಟ್ಟಿಯಿದ್ದುದರಿಂದ ಹತ್ತು ನಿಮಿಷವೂ ಬೇಕಾಗಲಿಲ್ಲ.

ಪತ್ರ

ಮಾರನೇ ದಿನ ಗುತ್ತಿಗೆದಾರರು ಹೊಸ ಪತ್ರ ಬರೆದರು. ಕರಡನ್ನು ಎಂಜಿನಿಯರ್ ತಿದ್ದಿಕೊಟ್ಟರು. ಹೆಸರು, ವಿಳಾಸ ತೆಗೆದು ಪೂರ್ತಿ ಪಾಠ ಕೊಡುತ್ತಿದ್ದೇವೆ.

> ದಿನಾಂಕ: 28ನೇ ತಾರೀಕು
>
> ಮಾನ್ಯರೇ,
>
> ವಿಷಯ: ನಾಲ್ಕನೇ ರನ್ನಿಂಗ್ ಬಿಲ್ಲಿನ ಬಾಕಿ ₹2,52,205 ಬಿಡುಗಡೆ ಮಾಡುವಂತೆ ಕೋರಿಕೆ.
>
> ಉಲ್ಲೇಖ: 1. ನಮ್ಮ ಕರಾರು ಪತ್ರ. 2. ಈ ತಿಂಗಳ 5ರಂದು ಕೊಟ್ಟ ಬಿಲ್. 3. 27ರಂದು ತಮ್ಮ ಅಣ್ಣನವರು ಮತ್ತು ಎಂಜಿನಿಯರ್ ಅವರ ಜೊತೆ ನಡೆದ ಜಂಟಿ ಅಳತೆ.
>
> 5ರಂದು ಕೊಟ್ಟ ₹3,91,500ರ ಬಿಲ್ಲನ್ನು ಹಿಂದಕ್ಕೆ ಪಡೆದು, ಅದರ ಬದಲು ಜಂಟಿ ಅಳತೆಯಂತೆ ಪರಿಷ್ಕರಿಸಿದ ಬಿಲ್ಲನ್ನು ಈ ಪತ್ರದ ಜೊತೆ ಸಲ್ಲಿಸಿದ್ದೇನೆ.
>
> ಈ ಬಿಲ್ಲಿನ ಕೆಲಸ: ಮೋಲ್ಡ್ ಕಾಂಕ್ರೀಟ್ 445 ಘನ ಅಡಿ, ₹1,33,500. ಕಂಬಿ 1,340 ಕಿಲೋ, ₹1,09,880. ಒಳಗಾರೆ 2,656.5 ಚದರಡಿ, ₹1,11,573. ಒಟ್ಟು ₹3,54,953.
>
> ಇದರಲ್ಲಿ ಕಳೆಯಬೇಕಾದದ್ದು: ನೂರಕ್ಕೆ ಐದರಂತೆ ತಡೆಹಿಡಿಯುವ ಮೊತ್ತ ₹17,748. ಮುಂಗಡದ ನಾಲ್ಕನೇ ಕಂತು ₹50,000. ನನ್ನ ಕೋರಿಕೆಯ ಮೇರೆಗೆ ತಾವು ಎಂ-ಸ್ಯಾಂಡಿಗೆ ನೇರವಾಗಿ ಕೊಟ್ಟದ್ದು ₹35,000. ಉಳಿದ ಬಾಕಿ ₹2,52,205.
>
> ಮೂರು ಲಾಫ್ಟುಗಳ ಹೆಚ್ಚುವರಿ ಕೆಲಸವನ್ನು ಈ ಬಿಲ್ಲಿನಲ್ಲಿ ಸೇರಿಸಿಲ್ಲ. ಅದರ ದರ ಇನ್ನೂ ನಿಗದಿಯಾಗಿಲ್ಲ. ಅಳತೆ ಮತ್ತು ದರದ ವಿವರವನ್ನು ಬೇರೆ ಹಾಳೆಯಲ್ಲಿ ಕೊಟ್ಟಿದ್ದೇನೆ, ತಾವು ಬಂದಾಗ ಮಾತಾಡಿ ತೀರ್ಮಾನಿಸಬಹುದು.
>
> ಯಾವುದಾದರೂ ಸಾಲಿನ ಬಗ್ಗೆ ತಮಗೆ ಅನುಮಾನವಿದ್ದರೆ ಆ ಸಾಲಿನ ಮೊತ್ತವನ್ನು ಮಾತ್ರ ಉಳಿಸಿಕೊಂಡು, ಕಾರಣವನ್ನು ಬರೆದು ತಿಳಿಸಿ, ಉಳಿದದ್ದನ್ನು ಬಿಡುಗಡೆ ಮಾಡಬೇಕಾಗಿ ವಿನಂತಿ. ಈ ಪಾವತಿ ಕೆಲಸ ಮುಗಿದಾಗಿನ ಅಂತಿಮ ಅಳತೆಗೆ ಒಳಪಟ್ಟಿರುತ್ತದೆ. ಆಗ ಹೆಚ್ಚುಕಡಿಮೆ ಕಂಡುಬಂದರೆ ಅಂತಿಮ ಬಿಲ್ಲಿನಲ್ಲಿ ಸರಿಪಡಿಸಿಕೊಡುತ್ತೇನೆ.
>
> ಬರುವ ತಿಂಗಳ 5ರೊಳಗೆ ಹಣ ತಲುಪಿದರೆ 7ರಿಂದ ಹೊರಗಾರೆ ಕೆಲಸ ಶುರುಮಾಡುತ್ತೇನೆ.
>
> ಲಗತ್ತು: 1. ಮೂರೂ ಕೆಲಸಗಳ ಸಾರಾಂಶ. 2. ಕೋಣೆವಾರು ಗಾರೆ ಅಳತೆ, ಮೂವರ ಸಹಿಯೊಂದಿಗೆ. 3. ನಂಬರು ಹಾಕಿದ ನೆಲಮಹಡಿ ನಕ್ಷೆ. 4. ಕಂಬಿ ಪಟ್ಟಿ ಮತ್ತು ಮೋಲ್ಡಿನ ಅಳತೆ. 5. ಲಾಫ್ಟ್ ವಿವರ.
>
> ತಮ್ಮ ವಿಶ್ವಾಸಿ,
> (ಗುತ್ತಿಗೆದಾರರ ಸಹಿ)

ಅಣ್ಣನಿಗೆ ಪತ್ರವನ್ನು ಕೈಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ‘ತಲುಪಿದೆ’ ಎಂದು ತಾರೀಕಿನೊಂದಿಗೆ ಸಹಿ ಪಡೆದರು. ಅದೇ ದಿನ ಮಾಲೀಕರಿಗೆ ವಾಟ್ಸಾಪಿನಲ್ಲೂ ಎಲ್ಲ ಹಾಳೆಗಳು ಹೋದವು.

ಪತ್ರದ ಯಾವ ಭಾಗ ಏನು ಕೆಲಸ ಮಾಡಿತು ಎಂದು ನೋಡಬೇಕು. ಹಳೆಯ ಬಿಲ್ಲನ್ನು ಹಿಂದಕ್ಕೆ ಪಡೆದದ್ದಾಗಿ ಮೊದಲ ಸಾಲಿನಲ್ಲೇ ಬರೆಯದಿದ್ದರೆ ಒಂದೇ ಕೆಲಸಕ್ಕೆ ಎರಡು ಬಿಲ್ಲು ಓಡಾಡುತ್ತವೆ. ಮುಂದೆ ಯಾವುದು ನಿಜವಾದದ್ದು ಎಂಬ ತಕರಾರು ಬರುತ್ತದೆ. ಕಳೆಯಬೇಕಾದ ಮೂರು ಮೊತ್ತವನ್ನು ಗುತ್ತಿಗೆದಾರರೇ ಬರೆದದ್ದರಿಂದ ಮಾಲೀಕರು ನೆನಪಿಸುವ ಅಗತ್ಯ ಬೀಳಲಿಲ್ಲ. ಅದರಲ್ಲೂ ₹35,000ವನ್ನು ‘ನನ್ನ ಕೋರಿಕೆಯ ಮೇರೆಗೆ’ ಎಂದು ಬರೆದದ್ದು ಮಾಲೀಕರ ಮನಸ್ಸಿನಲ್ಲಿದ್ದ ಅನುಮಾನವನ್ನು ಕಳೆಯಿತು ಎಂದು ಎಂಜಿನಿಯರ್ ಆಮೇಲೆ ತಿಳಿದುಕೊಂಡರು.

‘ಅನುಮಾನವಿರುವ ಸಾಲನ್ನು ಮಾತ್ರ ಉಳಿಸಿಕೊಳ್ಳಿ’ ಎಂಬ ಮಾತು ಇಡೀ ಪತ್ರದಲ್ಲಿ ಅತಿ ಬೆಲೆಯುಳ್ಳದ್ದು. ಮಾಲೀಕರಿಗೆ ಮೂರನೇ ದಾರಿಯೊಂದು ತೆರೆಯಿತು. ಇನ್ನು ತಡೆಯಬೇಕಾದರೆ ಯಾವ ಸಾಲು, ಏಕೆ ಎಂದು ಅವರು ಬರೆಯಬೇಕು. ಅಂತಿಮ ಅಳತೆಗೆ ಒಳಪಟ್ಟದ್ದು ಎಂಬ ಸಾಲು ಇನ್ನೊಂದು ಭಯವನ್ನು ತೆಗೆಯುತ್ತದೆ. ಈಗ ಕೊಟ್ಟುಬಿಟ್ಟರೆ ಒಪ್ಪಿಕೊಂಡಂತಾಯಿತು, ಮುಂದೆ ಕೇಳುವಂತಿಲ್ಲ ಎಂದು ಬಹಳ ಮಾಲೀಕರು ತಿಳಿದಿರುತ್ತಾರೆ. ರನ್ನಿಂಗ್ ಬಿಲ್ಲಿನ ಪಾವತಿ ಲೆಕ್ಕದ ಮೇಲಿನ ಪಾವತಿ, ಅದು ಲೆಕ್ಕವನ್ನು ಮುಚ್ಚುವುದಿಲ್ಲ. ಇದನ್ನು ಬರೆದು ಕೊಡುವುದರಿಂದ ಗುತ್ತಿಗೆದಾರರು ಕಳೆದುಕೊಳ್ಳುವುದು ಏನೂ ಇಲ್ಲ.

ಲಗತ್ತುಗಳಲ್ಲಿ ಮೊದಲನೆಯದರ ಬಗ್ಗೆ ಒಂದು ಮಾತು. ಲೋಕೋಪಯೋಗಿ ಇಲಾಖೆಯ ಬಿಲ್ಲುಗಳ ಮಾದರಿಯಲ್ಲಿ ಪ್ರತಿ ಕೆಲಸಕ್ಕೂ ಮೂರು ಕಾಲಂ ಹಾಕಿದ್ದರು: ಇಲ್ಲಿಯವರೆಗೆ ಆದದ್ದು, ಹಿಂದಿನ ಬಿಲ್ಲುಗಳಲ್ಲಿ ಬಂದದ್ದು, ಈ ಬಿಲ್ಲಿನದು. ಕಾಂಕ್ರೀಟಿಗೆ 897, 452, 445. ಕಂಬಿಗೆ 2,750, 1,410, 1,340. ಗಾರೆಗೆ ಹಿಂದಿನದು ಸೊನ್ನೆ. ನೆಲಮಹಡಿಯ ಮೋಲ್ಡ್ ಮತ್ತೆ ಎರಡನೇ ಸಲ ಬಿಲ್ಲಿಗೆ ಬಂದಿದೆಯೇ ಎಂದು ದೂರದಲ್ಲಿರುವ ಮಾಲೀಕರು ಹಳೆಯ ಹಾಳೆ ಹುಡುಕಬೇಕಿಲ್ಲ. ಈ ಮೂರು ಕಾಲಂ ಇಲ್ಲದ ಬಿಲ್ಲು ಐದನೆಯದೋ ಆರನೆಯದೋ ಹೊತ್ತಿಗೆ ಖಂಡಿತ ಗೊಂದಲಕ್ಕೆ ಬೀಳುತ್ತದೆ.

ಬೆದರಿಕೆಯ ಮಾತನ್ನು ಪತ್ರದಿಂದ ತೆಗೆದುಬಿಟ್ಟಿದ್ದರು. ಬಡ್ಡಿ, ವಕೀಲರ ನೋಟಿಸು, ಕೆಲಸ ನಿಲ್ಲಿಸುವುದು ಯಾವುದೂ ಇಲ್ಲ. ಹಕ್ಕನ್ನು ಬಿಟ್ಟುಕೊಟ್ಟರೆಂದು ಇದರ ಅರ್ಥವಲ್ಲ. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಮೂರು ವರ್ಷ ಕೊಡುತ್ತದೆ, ಮೂರು ವಾರಕ್ಕೆ ಅದನ್ನು ಎತ್ತುವ ಅವಸರವಿರಲಿಲ್ಲ. ನಿಜಕ್ಕೂ ದಾವೆಯೇ ಆಗುವುದಾದರೆ ಅಲ್ಲಿ ಬೇಕಾಗುವುದೂ ಇದೇ ಸಹಿಯಿರುವ ಅಳತೆ ಹಾಳೆ.

ಆದದ್ದು

ಮುಂದಿನ ತಿಂಗಳ 3ನೇ ತಾರೀಕು ₹2,52,205 ಪೂರ್ತಿ ಬಂತು. ಮಾಲೀಕರು ಕಳಿಸಿದ ಸಂದೇಶದಲ್ಲಿ ಒಂದೇ ಪ್ರಶ್ನೆಯಿತ್ತು, ಐದು ಪರ್ಸೆಂಟ್ ಎಂದು ಉಳಿದ ಹಣ ಇಲ್ಲಿಯವರೆಗೆ ಒಟ್ಟು ಎಷ್ಟಾಯಿತು ಎಂದು. ಅದು ಸಾರಾಂಶದಲ್ಲಿ ಇರಬೇಕಿತ್ತು, ಇರಲಿಲ್ಲ. ಐದನೇ ಬಿಲ್ಲಿನಿಂದ ಅದಕ್ಕೂ, ಮುಂಗಡದಲ್ಲಿ ಇನ್ನೆಷ್ಟು ಮುರಿಯುವುದಿದೆ ಎಂಬುದಕ್ಕೂ ಒಂದೊಂದು ಸಾಲು ಸೇರಿತು. ಹೊರಗಾರೆಯ ಬಿಲ್ಲಿನಲ್ಲಿ ನೆಲಮಹಡಿಯ ಕಿಟಕಿಗಳ 120 ಚದರಡಿಯನ್ನು ಟಿಪ್ಪಣಿಯಂತೆ ಕಳೆದರು.

ಒಂದು ಮಿತಿಯನ್ನೂ ಹೇಳಬೇಕು. ಈ ಮಾಲೀಕರ ಹತ್ತಿರ ಹಣವಿತ್ತು, ಇಲ್ಲದ್ದು ನಂಬಿಕೆ. ಬ್ಯಾಂಕಿನ ಕಂತು ಬಾರದೆಯೋ ಬೇರೆ ತಾಪತ್ರಯದಿಂದಲೋ ಹಣವೇ ಇಲ್ಲದ ಮಾಲೀಕರಿಗೆ ಎಷ್ಟು ಚೊಕ್ಕ ಅಳತೆ ಹಾಳೆ ಕೊಟ್ಟರೂ ಬಿಲ್ಲು ಪಾಸಾಗುವುದಿಲ್ಲ. ಗುರುತಿಸುವುದು ಕಷ್ಟವಲ್ಲ. ಜಂಟಿ ಅಳತೆಗೆ ಕರೆದಾಗ ಬರುವವರು ಲೆಕ್ಕದ ಬಗ್ಗೆ ಅನುಮಾನ ಇರುವವರು. ತಾರೀಕು ಮುಂದೂಡುತ್ತಲೇ ಹೋಗುವವರಿಗೆ ಅಳತೆಯ ಪತ್ರವಲ್ಲ, ನೋಟಿಸಿನ ಪತ್ರ ಬೇಕಾಗುತ್ತದೆ.

ಲಾಫ್ಟಿನದು ಕೊನೆಗೆ ಉಳಿಯಿತು. 12 ಅಡಿ ಉದ್ದ, 2 ಅಡಿ ಅಗಲದ ಮೂರು ಲಾಫ್ಟ್, 3 ಇಂಚು ದಪ್ಪ. ಕರಾರಿನ ದರವನ್ನೇ ಹಿಡಿದರೆ ಕಾಂಕ್ರೀಟ್ 18 ಘನ ಅಡಿಗೆ ₹5,400, ಕಂಬಿ 68 ಕಿಲೋಗೆ ₹5,576, ತಳ ಮತ್ತು ಮುಂದಿನ ಅಂಚಿನ ಗಾರೆ 81 ಚದರಡಿಗೆ ₹3,402, ಒಟ್ಟು ₹14,378. ಗುತ್ತಿಗೆದಾರರು ಕೇಳಿದ್ದು ₹28,000. ಅವರ ವಾದದಲ್ಲಿ ಹುರುಳಿಲ್ಲದೇ ಇರಲಿಲ್ಲ. ಸೆಂಟ್ರಿಂಗ್ ಸೇರಿದ ₹300ರ ದರ ಕಟ್ಟಿದ್ದು 5 ಇಂಚಿನ ಮೋಲ್ಡಿಗೆ. 3 ಇಂಚಿನ ಲಾಫ್ಟಿನಲ್ಲಿ ಅಷ್ಟೇ ಜಾಗದ ಸೆಂಟ್ರಿಂಗಿಗೆ ಸಿಗುವ ಕಾಂಕ್ರೀಟು ಕಡಿಮೆ, ಹಾಗಾಗಿ ಘನ ಅಡಿಗೆ ಬೀಳುವ ಸೆಂಟ್ರಿಂಗ್ ಖರ್ಚು ಹೆಚ್ಚು. ಆದರೆ ಆ ಹೆಚ್ಚಳ ಒಟ್ಟು ಮೊತ್ತವನ್ನು ಇಮ್ಮಡಿ ಮಾಡುವಷ್ಟಿರಲಿಲ್ಲ. ಮಾಲೀಕರು ಬಂದ ಭಾನುವಾರ ₹18,500ಕ್ಕೆ ಒಪ್ಪಂದವಾಗಿ ಐದನೇ ಬಿಲ್ಲಿನಲ್ಲಿ ಸೇರಿತು.

ಆ ದಿನವೇ ಒಂದು ಚೀಟಿ ಪುಸ್ತಕ ಮಾಡಿಕೊಂಡರು. ಕರಾರಿನಲ್ಲಿಲ್ಲದ ಕೆಲಸವನ್ನು ಮಾಲೀಕರು ಫೋನಿನಲ್ಲಿ ಹೇಳಿದರೆ, ಆಳು ಹಚ್ಚುವ ಮುಂಚೆ ಚೀಟಿಯಲ್ಲಿ ಕೆಲಸ ಏನು, ಅಳತೆ ಅಂದಾಜು ಎಷ್ಟು, ದರ ಕರಾರಿನ ಯಾವ ಸಾಲಿನದು ಅಥವಾ ಹೊಸದಾದರೆ ಎಷ್ಟು, ಹೇಳಿದವರು ಯಾರು, ಯಾವತ್ತು ಎಂದು ಬರೆದು ಫೋಟೋ ಕಳಿಸುವುದು. ‘ಸರಿ’ ಎಂದು ಉತ್ತರ ಬಂದ ಮೇಲೆಯೇ ಕೆಲಸ. ಮುಂದೆ ಸಂಪು ದೊಡ್ಡದು ಮಾಡಿದ್ದೂ ಗೇಟಿನ ಕಂಬ ಎತ್ತರಿಸಿದ್ದೂ ಹೀಗೆ ಚೀಟಿಯ ಮೇಲೆಯೇ ನಡೆದು, ಬಿಲ್ಲಿನಲ್ಲಿ ಚೀಟಿಯ ನಂಬರಿನೊಂದಿಗೆ ಬಂದವು.